ಮಾವನ ಲಾರಿಯ ನೋಟ್‌ಬುಕ್

ಸಂಪಾದಕರಿಗೆ ನಮಸ್ಕಾರ. ಈ ವರ್ಷ ಮೆಕ್ಯಾನಿಕಲ್ ಬಿಇ ಮುಗಿಸಿದ್ದೇನೆ. ನೆಲಮಂಗಲದ ಹತ್ತಿರ ದೊಡ್ಡ ಗೋಡೌನ್ ಇರುವ ಒಂದು ಲಾಜಿಸ್ಟಿಕ್ಸ್ ಕಂಪನಿ ಟ್ರೈನಿ ಎಂಜಿನಿಯರ್ ಕೆಲಸಕ್ಕೆ ಅರ್ಜಿ ಕರೆದಿದೆ. ರೆಸ್ಯೂಮೆ ಜೊತೆ ಕವರ್ ಲೆಟರ್ ಕೇಳಿದ್ದಾರೆ. ಗೆಳೆಯರು, ‘ನೆಟ್‌ನಲ್ಲಿ ರೆಡಿ ಮಾದರಿ ಸಿಗುತ್ತೆ, ಹೆಸರು ಬದಲಾಯಿಸಿ ಹಾಕು, ಯಾರೂ ಓದಲ್ಲ’ ಅಂತಾರೆ. ನನಗೆ ಅನುಭವ ಅಂತ ಏನೂ ಇಲ್ಲ. ರಜೆಯಲ್ಲಿ ಮಾವನ ಲಾರಿಯ ಲೆಕ್ಕ ಬರೆದಿದ್ದಷ್ಟೇ. ಲಾರಿ ಎಷ್ಟೊತ್ತಿಗೆ ಹೋಯ್ತು, ಯಾವ ಗೋಡೌನ್‌ನಲ್ಲಿ ಎಷ್ಟು ಹೊತ್ತು ನಿಂತಿತು ಅಂತ ನೋಟ್‌ಬುಕ್‌ನಲ್ಲಿ ಬರೀತಿದ್ದೆ. ಅದನ್ನೆಲ್ಲ ಕಂಪನಿಗೆ ಬರೆಯೋಕೆ ನಾಚಿಕೆ. ಏನು ಬರೆಯಲಿ?
— ಒಬ್ಬ ಓದುಗ, ತಿಪಟೂರು

ಮೊದಲು ನಿಮ್ಮ ಗೆಳೆಯರ ಪರವಾಗಿ ಒಂದು ಮಾತು. ಅವರು ಹೇಳಿದ್ದು ಪೂರ್ತಿ ಸುಳ್ಳಲ್ಲ. ನೂರಾರು ಅರ್ಜಿ ಬರುವ ಕಡೆ ಬಹಳಷ್ಟು ಪತ್ರಗಳನ್ನು ಯಾರೂ ಪೂರ್ತಿ ಓದುವುದಿಲ್ಲ. ಅವು ಯಾಕೆ ಓದಿಸಿಕೊಳ್ಳುವುದಿಲ್ಲ ಅಂದರೆ ಎಲ್ಲವೂ ಅದೇ ಮಾದರಿಯಿಂದ ಬಂದವು. ಗೆಳೆಯರಿಗೆ ನನ್ನ ನಮಸ್ಕಾರ ತಿಳಿಸಿ. ಅವರ ಪಾಲಿಗೆ ಇಷ್ಟು ಸಾಕು.

ಇನ್ನು ನಿಮ್ಮ ವಿಷಯ. ನನಗೊಂದು ಹುಚ್ಚಿದೆ, ಹಳೆಯ ಓದುಗರಿಗೆ ಗೊತ್ತು. ಇಂಗ್ಲಿಷಿನಲ್ಲಿ ಕಳಿಸಬೇಕಾದ ಪತ್ರವನ್ನೂ ಮೊದಲು ಕನ್ನಡದಲ್ಲಿ ಬರೆಯಿರಿ ಅನ್ನುತ್ತೇನೆ. ಇದು ಭಾಷಾಭಿಮಾನದ ಮಾತಲ್ಲ. ಆ ರೆಡಿ ಮಾದರಿಯ ಮೊದಲ ಸಾಲು ಕನ್ನಡಕ್ಕೆ ತನ್ನಿ, ನೋಡೋಣ: ‘ನಾನೊಬ್ಬ ಚುರುಕಿನ, ಫಲಿತಾಂಶದ ಕಡೆ ಮುಖ ಮಾಡಿರುವ, ಉತ್ಕಟ ವ್ಯಕ್ತಿ. ತಮ್ಮ ಘನ ಸಂಸ್ಥೆಯಲ್ಲಿ ಸವಾಲಿನ ಹುದ್ದೆಯೊಂದನ್ನು ಅರಸುತ್ತಿದ್ದೇನೆ.’ ಇದನ್ನು ಅಡುಗೆಮನೆ ಬಾಗಿಲಲ್ಲಿ ನಿಂತು ಅಮ್ಮನಿಗೆ ಓದಿ ಹೇಳಿ. ‘ಯಾಕಪ್ಪಾ, ಮೈ ಹುಷಾರಿಲ್ವಾ?’ ಅಂತ ಕೇಳದಿದ್ದರೆ ನನ್ನನ್ನು ಕೇಳಿ. ಇಂಗ್ಲಿಷಿನಲ್ಲಿ ಇದ್ದಾಗ ಇದೇ ಸಾಲು ಕೋಟು ಹಾಕಿಕೊಂಡು ಗಂಭೀರವಾಗಿ ಕೂತಿರುತ್ತದೆ, ಒಳಗೆ ಏನೂ ಇಲ್ಲ ಅಂತ ಕಾಣುವುದೇ ಇಲ್ಲ. ನಮ್ಮ ಭಾಷೆಗೆ ಬಂದ ಕೂಡಲೇ ಕೋಟು ಕಳಚುತ್ತದೆ.

ಈಗ ನಿಮ್ಮದೇ ಪತ್ರದ ಈ ಸಾಲು ಓದಿ: ‘ಯಾವ ಗೋಡೌನ್‌ನಲ್ಲಿ ಎಷ್ಟು ಹೊತ್ತು ನಿಂತಿತು ಅಂತ ಬರೀತಿದ್ದೆ.’ ಇದನ್ನು ಅಮ್ಮನಿಗೂ ಹೇಳಬಹುದು, ಕಂಪನಿಯ ಮ್ಯಾನೇಜರಿಗೂ ಹೇಳಬಹುದು. ಅಮ್ಮ ನಗುವುದಿಲ್ಲ. ಮ್ಯಾನೇಜರು ಕುರ್ಚಿ ಮುಂದಕ್ಕೆ ಎಳೆದುಕೊಳ್ಳುತ್ತಾರೆ.

ಯಾಕೆ ಅಂತ ಹೇಳುತ್ತೇನೆ. ಲಾಜಿಸ್ಟಿಕ್ಸ್ ಅಂದರೆ ಲಾರಿ ಓಡಿಸುವುದು ಅಂತ ಹೊರಗಿನವರು ತಿಳಿದಿರುತ್ತಾರೆ. ಒಳಗಿನವರಿಗೆ ತಲೆನೋವು ಓಡುವ ಲಾರಿಯದಲ್ಲ, ನಿಂತ ಲಾರಿಯದು. ನಿಂತ ಲಾರಿಗೆ ಬಾಡಿಗೆ ಹುಟ್ಟುವುದಿಲ್ಲ, ಕಂತು ಮಾತ್ರ ಓಡುತ್ತಿರುತ್ತದೆ. ಲಾರಿಯವರು ನಿಂತ ಹೊತ್ತಿಗೆ ಹಾಲ್ಟಿಂಗ್ ದುಡ್ಡು ಕೇಳುತ್ತಾರೆ, ಕಂಪನಿಯವರು ಕೊಡುವುದಿಲ್ಲ ಅನ್ನುತ್ತಾರೆ, ಜಗಳ. ನಿಮ್ಮ ಮಾವನನ್ನು ಕೇಳಿ, ಒಂದು ಗಂಟೆ ಹೇಳುತ್ತಾರೆ.

ನಿಮ್ಮ ನೋಟ್‌ಬುಕ್ ನಾನು ನೋಡಿಲ್ಲ. ಎಂಟು ಟ್ರಿಪ್ ತೆಗೆದುಕೊಂಡು ಒಂದು ಉದಾಹರಣೆ ಮಾಡೋಣ. ಪ್ರತಿ ಟ್ರಿಪ್ಪಿಗೂ ನಾಲ್ಕು ಹೊತ್ತು ಬೇಕು: ಲಾರಿ ಗೇಟಿಗೆ ಬಂದದ್ದು, ಮಾಲು ಇಳಿಸುವ ಕಟ್ಟೆಯಾದ ಡಾಕ್‌ಗೆ ಹಿಂಬದಿ ಹಚ್ಚಿದ್ದು, ಮಾಲು ಪೂರ್ತಿ ಇಳಿದದ್ದು, ಮಾಲು ತಲುಪಿತು ಅನ್ನುವ ಕಾಗದ, ಅಂದರೆ ಪಿಒಡಿ, ಸಹಿಯಾಗಿ ಡ್ರೈವರ್ ಕೈಗೆ ಬಂದದ್ದು. ಎಂಟೂ ಟ್ರಿಪ್ ಸೇರಿ ಒಟ್ಟು 48 ಗಂಟೆ ಆಯಿತು ಅನ್ನಿ, ಅಂದರೆ ಟ್ರಿಪ್ಪಿಗೆ 6 ಗಂಟೆ. ಅದನ್ನು ಒಡೆದು ನೋಡಿದರೆ ಡಾಕ್ ಸಿಗುವವರೆಗೆ ಕಾದದ್ದು 28 ಗಂಟೆ. ಹಮಾಲಿಗಳು ನಿಜವಾಗಿ ಮಾಲು ಇಳಿಸಿದ್ದು 12. ಮಾಲು ಇಳಿದ ಮೇಲೆ ಬರೀ ಕಾಗದಕ್ಕೆ ಕಾದದ್ದು 8, ಅಂದರೆ ಟ್ರಿಪ್ಪಿಗೆ ಒಂದು ಗಂಟೆ.

ನೋಡಿ, ಎಂಜಿನಿಯರ್ ಕೆಲಸ ಇಲ್ಲಿಂದ ಶುರುವಾಗುತ್ತದೆ. ‘ಅನ್‌ಲೋಡಿಂಗ್ ಲೇಟು’ ಅಂತ ಎಲ್ಲರೂ ಹಮಾಲಿಗಳನ್ನು ಬೈಯುತ್ತಾರೆ. ಲೆಕ್ಕದಲ್ಲಿ ಅವರ ಪಾಲು ಕಾಲು ಭಾಗ ಮಾತ್ರ. ಕೊನೆಯ ಆ ಒಂದು ಗಂಟೆ ಎಲ್ಲಿ ಹೋಗುತ್ತದೆ? ಇಳಿದ ಬಾಕ್ಸ್ ಎಣಿಸಬೇಕು, ಇನ್‌ವಾಯ್ಸ್ ಜೊತೆ ತಾಳೆ ನೋಡಬೇಕು. ಒಂದು ಬಾಕ್ಸ್ ಕಡಿಮೆ ಬಂತು, ಒಂದು ಒದ್ದೆಯಾಗಿದೆ ಅಂದರೆ ಪಿಒಡಿ ಮೇಲೆ ಹಾಗಂತ ಬರೆಯಬೇಕು. ಡ್ರೈವರ್ ಒಪ್ಪುವುದಿಲ್ಲ, ಯಾಕೆಂದರೆ ಆ ದುಡ್ಡು ಬಾಡಿಗೆಯಲ್ಲಿ ಮುರಿಯುತ್ತದೆ. ಸೂಪರ್‌ವೈಸರ್ ಊಟಕ್ಕೆ ಹೋಗಿರುತ್ತಾನೆ. ಸಹಿ ಇಲ್ಲದೆ ಡ್ರೈವರ್ ಹೊರಡುವ ಹಾಗಿಲ್ಲ, ಪಿಒಡಿ ಇಲ್ಲದೆ ಬಾಡಿಗೆ ಬಿಲ್ ಪಾಸಾಗುವುದಿಲ್ಲ. ಇದನ್ನು ನೀವು ಲಾರಿಯ ಕಡೆ ನಿಂತು ನೋಡಿದ್ದೀರಿ. ಗೋಡೌನ್ ಒಳಗಿನವರಿಗೆ ಈ ಕಡೆಯಿಂದ ಅದು ಹೇಗೆ ಕಾಣುತ್ತದೆ ಅನ್ನುವುದೇ ಗೊತ್ತಿರುವುದಿಲ್ಲ.

ಆಪರೇಷನ್ಸ್ ರಿಸರ್ಚ್‌ನಲ್ಲಿ ಕ್ಯೂ ಲೆಕ್ಕ ಓದಿದ್ದೀರಲ್ಲ, ಪರೀಕ್ಷೆ ಮುಗಿದ ದಿನ ಮರೆತಿರಬಹುದು. 1961ರಲ್ಲಿ ಜಾನ್ ಲಿಟ್ಲ್ ಸಾಧಿಸಿ ತೋರಿಸಿದ ಒಂದು ಸರಳ ಸಂಬಂಧ ಅದರಲ್ಲಿದೆ. ಗಂಟೆಗೆ ಎಷ್ಟು ಲಾರಿ ಬರುತ್ತವೆ, ಒಂದೊಂದು ಎಷ್ಟು ಗಂಟೆ ಒಳಗಿರುತ್ತದೆ, ಎರಡನ್ನೂ ಗುಣಿಸಿದರೆ ಅಂಗಳದಲ್ಲಿ ಸರಾಸರಿ ಎಷ್ಟು ಲಾರಿ ನಿಂತಿವೆ ಅಂತ ಸಿಗುತ್ತದೆ. ಗಂಟೆಗೆ 4 ಲಾರಿ, 6 ಗಂಟೆ ಅಂದರೆ 24 ಲಾರಿ. ಕಾಗದದ ಆ ಒಂದು ಗಂಟೆ ಉಳಿಸಿದರೆ 20. ಒಂದು ಇಟ್ಟಿಗೆ ಇಡದೆ, ಒಂದು ಗುಂಟೆ ಜಾಗ ಕೊಳ್ಳದೆ ನಾಲ್ಕು ಲಾರಿಯ ಜಾಗ ಖಾಲಿ. ಇದು ತುಂಬ ದಿನದ ಸರಾಸರಿಗೆ ಹೊಂದುವ ಲೆಕ್ಕ. ಹಬ್ಬದ ಹಿಂದಿನ ದಿನ ಲಾರಿ ಮುಗಿಬಿದ್ದಾಗ ಅದನ್ನು ಹಿಡಿದುಕೊಂಡು ಕೂರಬೇಡಿ.

ಹಾಗಾದರೆ ಪತ್ರ ಹೇಗಿರಬೇಕು? ನಾನಾಗಿದ್ದರೆ ನಡುವಿನ ಭಾಗ ಹೀಗೆ ಬರೆಯುತ್ತಿದ್ದೆ, ಅಂಕಿ ಮಾತ್ರ ನಿಮ್ಮ ನೋಟ್‌ಬುಕ್ಕಿನದು ಹಾಕಿ:

‘ಕಳೆದ ರಜೆಯಲ್ಲಿ ನಮ್ಮ ಮಾವನವರ ಲಾರಿಯ ಲೆಕ್ಕ ಬರೆಯುತ್ತಿದ್ದೆ. ಎಂಟು ಟ್ರಿಪ್‌ಗಳಲ್ಲಿ ಲಾರಿ ಗೋಡೌನ್ ಗೇಟಿಗೆ ಬಂದದ್ದರಿಂದ ಹೊರಟದ್ದರವರೆಗಿನ ಹೊತ್ತು ಗುರುತಿಸಿಕೊಂಡೆ. ಸರಾಸರಿ 6 ಗಂಟೆಯಲ್ಲಿ ಮಾಲು ಇಳಿಸಲು ಹಿಡಿದದ್ದು ಒಂದೂವರೆ ಗಂಟೆ. ಮಾಲು ಇಳಿದ ಮೇಲೆ ಸಹಿಗಾಗಿ ಒಂದು ಗಂಟೆ ಕಾಯಬೇಕಾಯಿತು. ಒಂದೇ ಲಾರಿಯ ಎಂಟು ಟ್ರಿಪ್ ಇವು, ಎಲ್ಲ ಗೋಡೌನ್‌ಗಳಿಗೂ ಹೊಂದುತ್ತವೆ ಅಂತ ಹೇಳಲಾರೆ. ನಿಮ್ಮಲ್ಲಿ ಇದೇ ಹೊತ್ತನ್ನು ಗೇಟಿನಲ್ಲಿ ನಿಂತು ಅಳೆಯುವ ಕೆಲಸ ಕೊಟ್ಟರೆ ಅಲ್ಲಿಂದ ಶುರು ಮಾಡುತ್ತೇನೆ.’

ಇಷ್ಟೇ. ಇದರ ಮೇಲೆ ಯಾವ ಹುದ್ದೆ, ಅದನ್ನು ಎಲ್ಲಿ ನೋಡಿದಿರಿ ಅಂತ ಎರಡು ಸಾಲು. ಕೆಳಗೆ ಯಾವ ವಿಭಾಗದ ಬಿಇ, ಯಾವತ್ತಿನಿಂದ ಬರಬಲ್ಲಿರಿ, ರಾತ್ರಿ ಪಾಳಿ ಮಾಡುತ್ತೀರಾ ಅಂತ ಮೂರು ಸಾಲು. ಪಾಳಿಯ ಮಾತು ಮರೆಯಬೇಡಿ, ಗೋಡೌನ್‌ಗಳು ರಾತ್ರಿ ಮಲಗುವುದಿಲ್ಲ. ಅಂಕ ರೆಸ್ಯೂಮೆಯಲ್ಲಿ ಇದೆಯಲ್ಲ, ಮತ್ತೆ ಯಾಕೆ? ಒಂದು ಪುಟ ದಾಟದಿರಲಿ. ಮೇಲ್‌ನಲ್ಲೇ ಕಳಿಸುವುದಾದರೆ ಪತ್ರವನ್ನು ಮೇಲ್‌ನ ಒಳಗೇ ಬರೆಯಿರಿ. ‘ಲಗತ್ತು ನೋಡಿ’ ಅಂದರೆ ನೋಡುವವರು ಕಡಿಮೆ. ಕನ್ನಡದಲ್ಲಿ ಬರೆದದ್ದನ್ನು ಆಮೇಲೆ ಸಣ್ಣ ಸಣ್ಣ ಸಾಲಿನ ಇಂಗ್ಲಿಷಿಗೆ ತನ್ನಿ. ಕಷ್ಟ ಆಗುವುದಿಲ್ಲ. ಹೊತ್ತು, ಲಾರಿ, ಗೇಟು, ಸಹಿ, ಇವಕ್ಕೆ ಯಾವ ಭಾಷೆಯಲ್ಲೂ ಪದ ಇದೆ.

ಎರಡು ಕಡೆ ಕಾಲು ಜಾರಬಹುದು. ‘ನಿಮ್ಮ ಖರ್ಚು ಇಷ್ಟು ಪರ್ಸೆಂಟ್ ಇಳಿಸುತ್ತೇನೆ’ ಅಂತ ಬರೆದುಬಿಟ್ಟೀರಿ! ಅವರ ಖರ್ಚು ನೀವು ನೋಡಿಲ್ಲ. ಇಂಟರ್‌ವ್ಯೂನಲ್ಲಿ ‘ಹೇಗೆ?’ ಅನ್ನುವ ಒಂದೇ ಪ್ರಶ್ನೆಗೆ ಬೆವರುತ್ತೀರಿ. ಇನ್ನೊಂದು, ಮಾವನವರ ಲಾರಿ ಯಾವ ಕಂಪನಿಯ ಗೋಡೌನ್‌ನಲ್ಲಿ ಕಾದಿತ್ತು, ಬಾಡಿಗೆ ಎಷ್ಟು ಅನ್ನುವುದು ಪತ್ರದಲ್ಲಿ ಬೇಡ. ಅದು ಅವರ ಅನ್ನದ ಮಾತು. ಅವರನ್ನು ಒಂದು ಮಾತು ಕೇಳಿಯೇ ಬರೆಯಿರಿ.

ಕೆಲಸ ಕೇಳುವ ಪತ್ರ ಅಂದಾಗಲೆಲ್ಲ ನನಗೆ ಲಿಯೊನಾರ್ಡೊ ಡ ವಿಂಚಿ ನೆನಪಾಗುತ್ತಾನೆ. ಸುಮಾರು 1482ರಲ್ಲಿ, ಮೂವತ್ತರ ಆಸುಪಾಸಿನಲ್ಲಿ, ಮಿಲಾನ್ ಆಳುತ್ತಿದ್ದ ಲುಡೊವಿಕೊ ಸ್ಫೋರ್ಜಾನಿಗೆ ಬರೆದ ಪತ್ರದ ಕರಡು ಉಳಿದಿದೆ. ಆಗಲೇ ಒಳ್ಳೆಯ ಚಿತ್ರಕಾರ. ಆದರೆ ಆ ದೊರೆಯ ಚಿಂತೆಯೆಲ್ಲ ಯುದ್ಧದ್ದು. ಅದಕ್ಕೇ ಹೊತ್ತೊಯ್ಯಬಹುದಾದ ಹಗುರ ಸೇತುವೆ, ಕೋಟೆಯ ಕಂದಕದ ನೀರು ತೆಗೆಯುವುದು, ಮುಚ್ಚಿದ ಬಂಡಿ ಅಂತ ಒಂದೊಂದಾಗಿ ಬರೆಯುತ್ತಾ ಹೋದ. ಚಿತ್ರ ಬರೆಯಬಲ್ಲೆ ಅನ್ನುವುದು ಬರುವುದು ಪಟ್ಟಿಯ ಕೊನೆಗೆ. ಯಾವುದಾದರೂ ಆಗದ ಮಾತು ಅನ್ನಿಸಿದರೆ ನಿಮ್ಮ ತೋಟದಲ್ಲೇ ಮಾಡಿ ತೋರಿಸುತ್ತೇನೆ ಅಂತಲೂ ಸೇರಿಸಿದ. ಯುದ್ಧದ ಅನುಭವ ಅವನಿಗೂ ಇದ್ದಂತಿಲ್ಲ. ಬಡಾಯಿಯೂ ಅದರಲ್ಲಿ ಸಾಕಷ್ಟಿದೆ, ಅದನ್ನು ಕಲಿಯಬೇಡಿ. ಪಂಡಿತರ ಲ್ಯಾಟಿನ್ ಬಿಟ್ಟು ತನ್ನ ಜನರ ಇಟಾಲಿಯನ್‌ನಲ್ಲಿ ಬರೆದ ಅನ್ನುವುದನ್ನು ಮಾತ್ರ ನಾನು ಸಿಕ್ಕಿದವರಿಗೆಲ್ಲ ಹೇಳುತ್ತಿರುತ್ತೇನೆ. ಮನೆಯವರಿಗೆ ಸಾಕಾಗಿದೆ.

ನನ್ನದೂ ಹೇಳಿಬಿಡುತ್ತೇನೆ. ಇಪ್ಪತ್ತೆರಡನೇ ವಯಸ್ಸಿನಲ್ಲಿ ಕರಡು ತಿದ್ದುವ ಕೆಲಸಕ್ಕೆ ಅರ್ಜಿ ಹಿಡಿದು ಒಂದು ಪತ್ರಿಕೆಯ ಕಚೇರಿಗೆ ಹೋಗಿದ್ದೆ. ಎರಡು ಪುಟ, ‘ತಮ್ಮಲ್ಲಿ ಸವಿನಯವಾಗಿ ವಿನಂತಿಸಿಕೊಳ್ಳುವುದೇನೆಂದರೆ’ ಅಂತ ಶುರು. ಅಲ್ಲಿನ ಹಿರಿಯರೊಬ್ಬರು ಕೆಂಪು ಪೆನ್ನು ಕೊಟ್ಟು, ‘ಹೊರಗೆ ಬೆಂಚಿನಲ್ಲಿ ಕೂತಿರುವ ಇನ್ನೊಬ್ಬನೂ ಬರೆಯಬಹುದಾದ ಸಾಲು ಎಲ್ಲ ಹೊಡೆದು ಹಾಕು’ ಅಂದರು. ಹೊಡೆದು ಹಾಕಿದ ಮೇಲೆ ಉಳಿದದ್ದು ನನ್ನ ಹೆಸರು, ವಿಳಾಸ, ಮತ್ತು ಊರಿನ ಪ್ರೆಸ್‌ನಲ್ಲಿ ಮದುವೆ ಕಾಗದಗಳ ಕರಡು ನೋಡುತ್ತಿದ್ದೆ ಅನ್ನುವ ಒಂದೇ ಸಾಲು. ಅದನ್ನೂ ನಾಚಿಕೆಯಿಂದ ಕೊನೆಗೆ ತುರುಕಿದ್ದೆ. ಅವರು ಅರ್ಧ ಗಂಟೆ ಮಾತಾಡಿದ್ದು ಅದೊಂದರ ಬಗ್ಗೆಯೇ.

ಈ ನಾಚಿಕೆ ನಮಗೆ ಎಲ್ಲಿಂದ ಬಂತು? ಶಾಲೆಯಲ್ಲಿ ಹತ್ತು ವರ್ಷ ನಾವು ಬರೆದ ಪತ್ರ ಒಂದೇ, ಜ್ವರ ಬಂದಿದೆ ರಜೆ ಕೊಡಿ ಅಂತ. ಜ್ವರವೂ ಸುಳ್ಳು, ವಿನಯವೂ ಸುಳ್ಳು, ಮೇಷ್ಟ್ರು ಮಾತ್ರ ಐದಕ್ಕೆ ಐದು ಅಂಕ ಕೊಟ್ಟರು. ಎಂಜಿನಿಯರಿಂಗ್‌ನಲ್ಲಿ ನಾಲ್ಕು ವರ್ಷ ಕಳೆದರೂ, ನೀನು ಕಣ್ಣಾರೆ ನೋಡಿದ್ದನ್ನು ಒಂದು ಪುಟ ಬರೆ ಅಂತ ಯಾರೂ ಕೇಳುವುದಿಲ್ಲ. ಪ್ರಾಜೆಕ್ಟ್ ರಿಪೋರ್ಟಿಗೆ ಬಂಗಾರದ ಅಕ್ಷರದ ರಟ್ಟು ಹಾಕಿಸುತ್ತಾರೆ, ಒಳಗಿನ ಪುಟ ಹಿಂದಿನ ಬ್ಯಾಚಿನದು. ಸೀಲು ಹೊಡೆದ ಸರ್ಟಿಫಿಕೇಟ್ ಇದ್ದರೆ ಎರಡು ವಾರ ಸುಮ್ನೆ ಕೂತು ಬಂದದ್ದೂ ಅನುಭವ. ಮಾವನ ಲಾರಿಯ ಪಕ್ಕ ಬಿಸಿಲಲ್ಲಿ ನಿಂತು ಗಡಿಯಾರ ನೋಡಿದ್ದು ಅನುಭವ ಅಲ್ಲ. ಇದರಲ್ಲಿ ನಿಮ್ಮ ತಪ್ಪು ಜಾಸ್ತಿ ಇಲ್ಲ. ಆದರೂ ಸ್ವಲ್ಪ ಬೈಯಲೇಬೇಕು: ಕೈಯಲ್ಲಿ ನೋಟ್‌ಬುಕ್ ಇಟ್ಟುಕೊಂಡು ‘ಏನೂ ಇಲ್ಲ’ ಅಂತ ಬರೆದಿರಲ್ಲ!

ಪತ್ರ ಕಳಿಸುವ ಮೊದಲು ಒಂದು ಸಾರಿ ಲೆಕ್ಕ ಮತ್ತೆ ಕೂಡಿ ನೋಡಿ. ಟೈಮು ಬರೆಯಲು ಮರೆತ ಟ್ರಿಪ್ ಇದ್ದರೆ ಬಿಟ್ಟುಬಿಡಿ, ಅಂದಾಜಿನಲ್ಲಿ ತುಂಬಬೇಡಿ. ಇಂಟರ್‌ವ್ಯೂಗೆ ಕರೆದರೆ ಫೈಲಿನ ಜೊತೆ ಆ ನೋಟ್‌ಬುಕ್ಕನ್ನೂ ತೆಗೆದುಕೊಂಡು ಹೋಗಿ, ಬಾಡಿಗೆಯ ಪುಟಗಳಿಗೆ ಒಂದು ಕ್ಲಿಪ್ ಹಾಕಿ. ಹೊಸ ಪುಸ್ತಕದಲ್ಲಿ ಚೆಂದಾಗಿ ನಕಲು ಮಾಡೋಣ ಅಂತ ಮಾತ್ರ ಹೊರಡಬೇಡಿ. ಡೀಸೆಲ್ ಕಲೆ ಇದ್ದರೆ ಇರಲಿ.

— ಸಂ.