ಟೆಲಿಗ್ರಾಫ್‌ನಿಂದ ಸ್ಮಾರ್ಟ್‌ಫೋನ್‌ವರೆಗೆ: ಭಾಷಣಕ್ಕೊಂದು ಎಳೆ

ಪ್ರಶ್ನೆ: ಬೆಳಗಾವಿಯ ನಮ್ಮ ಕಾಲೇಜಿನ ಟೆಕ್ ಫೆಸ್ಟ್‌ನಲ್ಲಿ ಟೆಲಿಗ್ರಾಫ್‌ನಿಂದ ಸ್ಮಾರ್ಟ್‌ಫೋನ್‌ವರೆಗಿನ ಸಿಗ್ನಲ್ ಬಗ್ಗೆ ಮಾತಾಡಬೇಕು. ಎರಡನ್ನೂ ಜೋಡಿಸುವ ಎಳೆ ಯಾವುದು?

ಉತ್ತರ: ಒಂದು ಸಂಕೇತದ ಬಾಲ ಮುಂದಿನದರ ಮೇಲೆ ಬಿದ್ದು ಎರಡೂ ಕಲಸಿಹೋಗುವುದು. ಇದೇ ತೊಂದರೆ ಅಂದೂ ಇತ್ತು, ಇಂದೂ ಇದೆ.

1858ರ ಅಟ್ಲಾಂಟಿಕ್ ಕೇಬಲ್‌ನಿಂದ ಶುರುಮಾಡಿ. ವಿಕ್ಟೋರಿಯಾ ರಾಣಿಯ 98 ಪದಗಳ ಸಂದೇಶ ದಾಟಲು ಸುಮಾರು 16 ತಾಸು ಹಿಡಿಯಿತು. ಉದ್ದನೆಯ ಕೇಬಲ್ ನಿಧಾನವಾಗಿ ತುಂಬುತ್ತದೆ, ನಿಧಾನವಾಗಿ ಖಾಲಿಯಾಗುತ್ತದೆ. ಖಾಲಿಯಾಗುವ ಮೊದಲೇ ಇನ್ನೊಂದು ಚುಕ್ಕೆ ಕಳಿಸಿದರೆ ಆ ಕಡೆ ಬರೀ ಗೊಂದಲ. ಕೇಬಲ್ ಕಂಪನಿಯ ಎಲೆಕ್ಟ್ರಿಷಿಯನ್ ವೈಟ್‌ಹೌಸ್ ವೋಲ್ಟೇಜ್ ಜಾಸ್ತಿ ಮಾಡಿ ನೋಡಿದ. ಕೆಲವೇ ವಾರಗಳಲ್ಲಿ ಕೇಬಲ್ಲೇ ಸತ್ತಿತು. ಜೋರಾಗಿ ಕೂಗಿದರೆ ಬಾಲವೂ ಜೋರಾಗುತ್ತದೆ, ಅಲ್ವಾ?

ಫೋನಿಗೆ ತಂತಿಯಿಲ್ಲ, ಆದರೆ ಪ್ರತಿಧ್ವನಿ ಇದೆ. ಚೆನ್ನಮ್ಮ ವೃತ್ತದಲ್ಲಿ ನಿಂತರೆ ಟವರಿನ ಅಲೆ ನೇರವಾಗಿಯೂ ಬರುತ್ತದೆ, ಕಟ್ಟಡಗಳಿಗೆ ಬಡಿದು ತಡವಾಗಿಯೂ ಬರುತ್ತದೆ. ಅದಕ್ಕೇ 4ಜಿ ಡೇಟಾವನ್ನು ನೂರಾರು ನಿಧಾನದ ಎಳೆಗಳಾಗಿ ಸೀಳಿ ಒಟ್ಟಿಗೆ ಕಳಿಸುತ್ತದೆ. ಸಂಕೇತಗಳ ನಡುವೆ ಸುಮಾರು 4.7 ಮೈಕ್ರೋಸೆಕೆಂಡ್ ಅಂತರ ಬಿಡುತ್ತದೆ. ಅಷ್ಟರಲ್ಲಿ ಅಲೆ 1.4 ಕಿ.ಮೀ. ಓಡುತ್ತದೆ. ಹಾಗಾಗಿ ನೇರ ಅಲೆಗಿಂತ 1 ಕಿ.ಮೀ. ಹೆಚ್ಚು ಸುತ್ತಿಬಂದ ಪ್ರತಿಧ್ವನಿ ಏನೂ ಕೆಡಿಸದು, 2 ಕಿ.ಮೀ. ಹೆಚ್ಚು ಸುತ್ತಿದ್ದು ಮುಂದಿನ ಸಂಕೇತವನ್ನು ಕೆಡಿಸಬಹುದು.