ಬಾಗಿಲು ತೆರೆಯದಿದ್ದರೆ ಕಿಟಕಿ ನೋಡ್ರೀ: ಪಠ್ಯ ಸಾಹಸದ ಪ್ರಶ್ನೆಗಳು

ಸರ, ನನ್ನದು ಹಳೇ ಆಂಡ್ರಾಯ್ಡ್ ಫೋನ್, ಒಂದು ಜಿಬಿ ರ‍್ಯಾಮ್. ದೊಡ್ಡ ಗೇಮ್ ನಡೆಯಲ್ಲ ಅಂತ Zork ಅನ್ನೋ, ಇಂಗ್ಲಿಷಿನಲ್ಲಿ ಟೈಪ್ ಮಾಡಿ ಆಡೋ ಗೇಮ್ ಹಾಕಿಕೊಂಡೆ. ಬಿಳಿ ಮನೆ ಮುಂದೆ ನಿಂತೇನಿ. ಬಾಗಿಲು ತೆರೆಯಲ್ಲ, ಏನು ಬರೆದರೂ ಗೊತ್ತಿಲ್ಲ ಅಂತದ. ಫೋನ್ ಹಳೇದಾಗಿದ್ದಕ್ಕಾ, ನನ್ನ ಇಂಗ್ಲಿಷ್ ಕಚ್ಚಾ ಆಗಿದ್ದಕ್ಕಾ? (ಓದುಗರು, ಜಮಖಂಡಿ)

ಎರಡೂ ಅಲ್ಲ. ನನಗೆ ಬರುವ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಇದೇ ಬಿಳಿ ಮನೆ ಮುಂದಿನಿಂದ ಬರುತ್ತವೆ. ಅದಕ್ಕೇ ಈ ಸಲ ಒಮ್ಮೆ ಪೂರ್ತಿ ಬರೆದುಬಿಡುತ್ತೇನೆ.

ಫೋನಿನ ಮಾತು ಮೊದಲು ಮುಗಿಸೋಣ. Zork ಮೊದಲ ಭಾಗ ಮನೆ ಕಂಪ್ಯೂಟರುಗಳಿಗೆ ಬಂದಿದ್ದು 1980ರಲ್ಲಿ. ಅದರ ಫೈಲು `.z3` ಜಾತಿಯದು. ಆ ಜಾತಿಯ ಫೈಲು 128 ಕೆಬಿ ದಾಟುವ ಹಾಗೇ ಇಲ್ಲ. ನಿಮ್ಮ ಫೋನಿನಲ್ಲಿ ತೆಗೆದ ಒಂದು ಫೋಟೊ ಇದಕ್ಕಿಂತ ಎಷ್ಟೋ ದೊಡ್ಡದು. ಹಾಗಾಗಿ ಫೋನಿಗೆ ಬೈಯಬೇಡಿ.

ತೊಂದರೆ ಇರುವುದು ನೀವು ಬರೆಯುವ ರೀತಿಯಲ್ಲಿ. ಆಟದ ಒಳಗೆ ನಿಮ್ಮ ಮಾತು ಕೇಳುವ ಮನುಷ್ಯ ಯಾರೂ ಕೂತಿಲ್ಲ. ಅಲ್ಲಿ ಇರುವುದು ಒಂದು ಪದಪಟ್ಟಿ, ಜೊತೆಗೆ ನಾಲ್ಕಾರು ವಾಕ್ಯದ ಅಚ್ಚು. ಮೊದಲು ಕ್ರಿಯಾಪದ, ಆಮೇಲೆ ವಸ್ತು. ಬೇಕಾದರೆ ಇನ್ನೊಂದು ವಸ್ತು. `open window` ಅಂದರೆ ತಿಳಿಯುತ್ತದೆ. ಮನೆಯೊಳಗೆ ಹೋಗಬೇಕು ಅಂತ ಆಸೆಯಾಗಿದೆ ಎಂದು ಉದ್ದಕ್ಕೆ ಬರೆದರೆ ತಿಳಿಯುವುದಿಲ್ಲ. ನೀವು ಬರೆದದ್ದು ವ್ಯಾಕರಣಬದ್ಧ ಇಂಗ್ಲಿಷೇ ಆಗಿದ್ದರೂ ಅಷ್ಟೇ. ಇಂಗ್ಲಿಷ್ ಎಂ.ಎ. ಮಾಡಿದವರೂ ಇಲ್ಲಿ ಸಿಕ್ಕಿಬೀಳುತ್ತಾರೆ, ಯಾಕಂದರೆ ಅವರು ಚೆಂದದ ವಾಕ್ಯ ಬರೆಯಲು ಹೋಗುತ್ತಾರೆ.

ಈಗ ಮನೆಗೆ ಬರೋಣ. ನೀವು ಮನೆಯ ಪಶ್ಚಿಮಕ್ಕೆ ನಿಂತಿದ್ದೀರಿ. ಮುಂಬಾಗಿಲಿಗೆ ಹಲಗೆ ಬಡಿದಿದ್ದಾರೆ ಎಂದು ಮೊದಲ ಸಾಲಿನಲ್ಲೇ ಇದೆ. ಬಾಗಿಲು ತೆರೆಯುವುದಿಲ್ಲ ಅಂತ ಆಟ ನೇರವಾಗಿಯೂ ಹೇಳುತ್ತದೆ. ಆದರೂ ಜನ ಒದೆಯುತ್ತಾರೆ, ತಳ್ಳುತ್ತಾರೆ, ಮುರಿಯಲು ನೋಡುತ್ತಾರೆ. ಬಿಡ್ರೀ ಅದನ್ನ. ಅದೇ ವಿವರಣೆಯಲ್ಲಿ ಒಂದು ಅಂಚೆ ಡಬ್ಬಿ ಇದೆ, ಓದಿದಿರಾ? ವಿವರಣೆಯಲ್ಲಿ ಬರುವ ಪ್ರತಿಯೊಂದು ವಸ್ತುವನ್ನೂ ಒಮ್ಮೆ ಮುಟ್ಟಿ ನೋಡುವುದೇ ಈ ಆಟದ ಓದು. ಡಬ್ಬಿ ತೆಗೆಯಿರಿ, ಒಳಗಿನ ಚೀಟಿ ಓದಿ. ಆಮೇಲೆ ಮನೆಗೆ ಒಂದು ಸುತ್ತು ಹಾಕಿ:

```
open mailbox
read leaflet
south
east
open window
west
```

`south` ಅಂದಾಗ ಮನೆಯ ದಕ್ಷಿಣಕ್ಕೆ ಬರುತ್ತೀರಿ, `east` ಅಂದಾಗ ಹಿತ್ತಲಿಗೆ. ಸ್ವಲ್ಪವೇ ತೆರೆದ ಸಣ್ಣ ಕಿಟಕಿಯೊಂದರ ಮಾತು ಅಲ್ಲಿ ಬರುತ್ತದೆ. ಮುಂದೆ ನಿಂತು ಎಷ್ಟು ತಿಣುಕಿದರೂ ಆ ಕಿಟಕಿ ಕಾಣುವುದಿಲ್ಲ. ಅದನ್ನು ತೆರೆದು ಪಶ್ಚಿಮಕ್ಕೆ ಹೋದರೆ ಅಡುಗೆಮನೆ. ಇನ್ನೂ ಪಶ್ಚಿಮಕ್ಕೆ ಹೋದರೆ ಪಡಸಾಲೆ. ಅಲ್ಲಿ ಒಂದು ಲಾಟೀನು, ಒಂದು ಕತ್ತಿ, ನೆಲಕ್ಕೆ ಹಾಸಿದ ದೊಡ್ಡ ಜಮಖಾನ. ಜಮಖಾನದ ಬಗ್ಗೆ ಇಷ್ಟೇ ಹೇಳುತ್ತೇನೆ: `move` ಎಂಬ ಪದ ಮರೆಯಬೇಡಿ. ಮತ್ತೆ ಲಾಟೀನು ಹಚ್ಚದೆ ಕತ್ತಲಿಗೆ ಇಳಿಯಬೇಡಿ. ಕತ್ತಲಲ್ಲಿ ತಿನ್ನುವವರಿದ್ದಾರೆ.

ಇನ್ನು ಯಾರೂ ಹೇಳಿಕೊಡದ ಮಾತು. ಆಟ ಕೊಡುವ ಎಲ್ಲ ತಪ್ಪು ಸಂದೇಶಗಳೂ ಒಂದೇ ಅಲ್ಲ. ನೀವು ಎಲ್ಲವನ್ನೂ ಸೇರಿಸಿ "ಗೊತ್ತಿಲ್ಲ ಅಂತದ" ಅಂತ ಬರೆದಿದ್ದೀರಿ. ಮನೆಯ ಮುಂದೆ ನಿಂತೇ ಈ ಎರಡನ್ನು ಹೊಡೆದು ನೋಡಿ:

```
>examine bicycle
I don't know the word "bicycle".

>examine lantern
You can't see any lantern here!
```

ವ್ಯತ್ಯಾಸ ಕಂಡಿತಾ? ಸೈಕಲ್ ಎಂಬ ಪದವೇ ಆಟದ ಪಟ್ಟಿಯಲ್ಲಿಲ್ಲ. ಅಂದರೆ ಆಟದಲ್ಲಿ ಎಲ್ಲಿಯೂ ಸೈಕಲ್ ಸಿಗುವುದಿಲ್ಲ, ಆ ದಾರಿ ಬಿಡಬಹುದು. ಲಾಟೀನು ಮಾತ್ರ ಪಟ್ಟಿಯಲ್ಲಿದೆ, ಇಲ್ಲಿ ಇಲ್ಲ ಅಷ್ಟೇ. ನೀವಿನ್ನೂ ಮನೆಯೊಳಗೆ ಕಾಲಿಟ್ಟಿಲ್ಲ, ಆದರೂ ಒಳಗೆಲ್ಲೋ ಒಂದು ಲಾಟೀನು ಇರಬೇಕು ಅನ್ನುವ ಸುಳಿವು ಸಿಕ್ಕಿತು. ಎಲ್ಲಿಯಾದರೂ ಸಿಕ್ಕಿಬಿದ್ದಾಗ ನಿಮ್ಮ ಊಹೆಯ ಪದವನ್ನು ಹೀಗೆ ಒರೆಗೆ ಹಚ್ಚಿ. ಹೊಸ ಕಾಲದ ಆಟಗಳಲ್ಲಿ ಈ ಉಪಾಯ ನಡೆಯುವುದಿಲ್ಲ. Inform ಎಂಬ ಸಲಕರಣೆಯಲ್ಲಿ ಮಾಡಿದ ಆಟಗಳು ಎರಡಕ್ಕೂ ಸಾಮಾನ್ಯವಾಗಿ `You can't see any such thing.` ಎಂದು ಒಂದೇ ಉತ್ತರ ಕೊಡುತ್ತವೆ. ಅಲ್ಲಿ ಸುಳಿವು ಸೋರಬಾರದು ಎಂದೇ ಹಾಗೆ.

ಕಾಗುಣಿತದ ಹೆದರಿಕೆಯೂ ಬೇಡ. `.z3` ಆಟಗಳು ಒಂದು ಪದದ ಮೊದಲ ಆರು ಅಕ್ಷರ ಮಾತ್ರ ನೋಡುತ್ತವೆ. `lanter` ಬರೆದರೂ ಲಾಟೀನೇ, `examin` ಬರೆದರೂ ನೋಡುವುದೇ. ಆಮೇಲಿನ `.z5`, `.z8` ಆಟಗಳು ಒಂಬತ್ತು ನೋಡುತ್ತವೆ. ಹೊಸ ಆಟಗಳಲ್ಲಿ `examine` ಬದಲು ಬರೀ `x` ಸಾಕು. Zork ಹಳೇದು, ಅಲ್ಲಿ ಪೂರ್ತಿ ಹೊಡೆಯಿರಿ.

ಫೋನಿನ ಕಡೆ ಮಾಡಬೇಕಾದ ಕೆಲಸ ಎರಡೇ. ಒಂದು, ಕೀಬೋರ್ಡಿನ ತಿದ್ದುವ ಚಟ ಬಂದ್ ಮಾಡಿ. ನೀವು `n` ಅಂದರೆ ಅದು ತಾನೇ ಇನ್ನೇನೋ ತುಂಬಿಸುತ್ತದೆ. ನೀವು ಉತ್ತರಕ್ಕೆ ಹೋಗಲಿಲ್ಲ ಅಂತ ಆಟಕ್ಕೆ ಬೈಯುತ್ತೀರಿ. ಎರಡು, `save`. ಒಂದು ಜಿಬಿ ಫೋನಿನಲ್ಲಿ ನಡುವೆ ಕರೆ ಬಂದರೆ ಹಿಂದೆ ಸರಿದ ಆಪನ್ನು ಫೋನ್ ಮುಚ್ಚಿಬಿಡಬಹುದು. ತಿರುಗಿ ಬಂದಾಗ ಮತ್ತೆ ಬಿಳಿ ಮನೆ ಮುಂದೆ! Zork ಮೊದಲ ಭಾಗದಲ್ಲಿ `undo` ಕೂಡ ಇಲ್ಲ. ಹೊಸ ಜಾಗಕ್ಕೆ ಇಳಿಯುವ ಮುಂಚೆ ಉಳಿಸಿ. ಪ್ರತಿ ಸಲ ಬೇರೆ ಹೆಸರಿನಲ್ಲಿ ಉಳಿಸಿ. ಒಂದೇ ಹೆಸರಿನ ಮೇಲೆ ಬರೆಯುತ್ತ ಹೋದರೆ, ಗೆಲ್ಲಲಾಗದ ಸ್ಥಿತಿಯನ್ನೇ ಉಳಿಸಿಕೊಂಡು ಕೂರುತ್ತೀರಿ. ಈ ಆಟದಲ್ಲಿ ಹಾಗಾಗುತ್ತದೆ. ಲಾಟೀನಿನ ಬ್ಯಾಟರಿ ಮುಗಿಯುತ್ತದೆ, ಒಬ್ಬ ಕಳ್ಳ ಬಂದು ಕೈಯಲ್ಲಿದ್ದದ್ದು ಕಸಿಯುತ್ತಾನೆ.

ನನ್ನನ್ನು ಕೇಳಿದ್ದರೆ Zorkನಿಂದ ಶುರು ಮಾಡಿ ಅನ್ನುತ್ತಲೇ ಇರಲಿಲ್ಲ. ಹೆಸರು ದೊಡ್ಡದು ಅಂತ ಎಲ್ಲರೂ ಅಲ್ಲಿಗೇ ಓಡುತ್ತಾರೆ. ಮೊದಲು ಆಡಮ್ ಕೇಡರ್ ಅವರ `9:05` ಆಡಿ, 2000ನೇ ಇಸವಿಯದು. ಹಾಸಿಗೆಯಲ್ಲಿ ಮಲಗಿದ್ದೀರಿ, ಫೋನ್ ಬಾರಿಸುತ್ತಿದೆ. ಎಲ್ಲ ದಿನನಿತ್ಯದ ಪದಗಳೇ, ಚಹಾ ಆರುವುದರೊಳಗೆ ಮುಗಿಯುತ್ತದೆ. ಮುಗಿದ ಮೇಲೆ ಇನ್ನೊಮ್ಮೆ ಆಡಿ, ಯಾಕೆ ಅಂತ ನಾನು ಹೇಳಲ್ಲ. ಆಮೇಲೆ ಆಂಡ್ರ್ಯೂ ಪ್ಲಾಟ್ಕಿನ್ ಅವರ `The Dreamhold`. 2004ರಲ್ಲಿ ಹೊಸಬರಿಗಾಗಿಯೇ ಬರೆದದ್ದು, ಪಕ್ಕದಲ್ಲಿ ನಿಂತು ದಾರಿ ಹೇಳಿಕೊಡುತ್ತದೆ. ಈ ಎರಡು ಆದ ಮೇಲೆ ಬಿಳಿ ಮನೆಗೆ ಹೋಗಿ. ಹೋಗುವಾಗ ಒಂದು ನೋಟ್‌ಬುಕ್ಕಿನಲ್ಲಿ ನಕ್ಷೆ ಬರೆದುಕೊಳ್ಳಿ. ತಲೆಯಲ್ಲೇ ಇಟ್ಟುಕೊಳ್ಳುತ್ತೇನೆ ಅನ್ನುವವರ ಪತ್ರ ಮುಂದಿನ ತಿಂಗಳು ನನಗೇ ಬರುತ್ತದೆ.

ಒಬ್ಬರು ಐನೂರು ಪಠ್ಯ ಆಟಗಳ ಪ್ಯಾಕ್ ಒಂದೇ ಎಪಿಕೆಯಲ್ಲಿ ಕೊಡ್ತಾರೆ, ನೂರು ರೂಪಾಯಿ. ಹಾಕಲೇ? (ಸಿಂದಗಿ)

ಬೇಡ. ಆ ಎಪಿಕೆ ಎಸ್ಎಂಎಸ್ ಓದುವ, ಸಂಪರ್ಕ ಪಟ್ಟಿ ನೋಡುವ ಅನುಮತಿ ಕೇಳಿತಾ? ಅಕ್ಷರ ತೋರಿಸುವ ಆಟಕ್ಕೆ ನಿಮ್ಮ ಮಾವನ ನಂಬರ್ ಯಾಕೆ ಬೇಕು? ಆಡಿಸುವ ಆಪ್ ಬೇರೆ, ಕಥೆಯ ಫೈಲು ಬೇರೆ, ಇದೊಂದು ತಿಳಿದುಕೊಂಡರೆ ಯಾರಿಗೂ ದುಡ್ಡು ಕೊಡಬೇಕಿಲ್ಲ. F-Droid ಎಂಬ ಆಪ್ ಅಂಗಡಿಯಲ್ಲಿ `Text Fiction` ಎಂಬ ಆಪ್ ಇದೆ, ಪುಕ್ಕಟೆ. ಕಥೆಗಳು `ifdb.org`ನಲ್ಲಿ ಹುಡುಕಿದರೆ ಸಿಗುತ್ತವೆ. ಇಳಿಸುವಾಗ ಫೈಲಿನ ಬಾಲ ನೋಡಿ. `.z3`, `.z5`, `.z8` ಇದ್ದರೆ ಸರಿ. `.ulx`, `.gblorb` ಇದ್ದರೆ ಅದು ಬೇರೆ ಯಂತ್ರದ ಆಟ, ಈ ಆಪಿನಲ್ಲಿ ತೆರೆಯುವುದಿಲ್ಲ. ತೆರೆಯಲಿಲ್ಲ ಅಂತ ಫೋನ್ ರಿಸೆಟ್ ಮಾಡಿದವರೂ ಇದ್ದಾರೆ!

ಇದನ್ನು ಕನ್ನಡದಲ್ಲಿ ಟೈಪ್ ಮಾಡಿ ಆಡೋ ಹಂಗ ನಾನೇ ಮಾಡಬಹುದಾ? (ಬೆಳಗಾವಿ)

ಈ ಪ್ರಶ್ನೆ ಚಲೋ ಅದ. ಆದರೆ `.z5` ದಾರಿ ಹಿಡಿಯಬೇಡಿ. ಪದಪಟ್ಟಿಯಲ್ಲಿ ಒಂದು ಪದಕ್ಕೆ ಒಂಬತ್ತು ಮನೆ ಇರುತ್ತವೆ ಅಂದೆನಲ್ಲ. ಇಂಗ್ಲಿಷಿನ ಸಣ್ಣಕ್ಷರಕ್ಕೆ ಒಂದು ಮನೆ ಸಾಕು. ಅದರ ಮಾಮೂಲಿ ಅಕ್ಷರಪಟ್ಟಿಯ ಹೊರಗಿನ ಚಿಹ್ನೆಗೆ ನಾಲ್ಕು ಬೇಕು. ನಮ್ಮ ಗುಣಿತವೂ ಬೇರೆಯೇ ಒಂದು ಚಿಹ್ನೆ, ಒತ್ತಿಗೆ ಎರಡು. ಒಂಬತ್ತರಲ್ಲಿ ಹಿಡಿಯುವುದು ಎರಡು ಚಿಹ್ನೆ, ಅಂದರೆ ಪೆಟ್ಟಿಗೆ ಎಂಬ ಪದದಲ್ಲಿ "ಪೆ" ಮಾತ್ರ. ಆಗ ಪೆಟ್ಟಿಗೆಗೂ ಪೆನ್ನಿಗೂ ಆಟಕ್ಕೆ ವ್ಯತ್ಯಾಸ ಇಲ್ಲ. ಅಕ್ಷರಪಟ್ಟಿ ಬದಲಿಸಿ ಸ್ವಲ್ಪ ಸುಧಾರಿಸಬಹುದು, ಆದರೆ ಮುಂದೆ ವ್ಯಾಕರಣ ಕಾದಿರುತ್ತದೆ. ಆಟ ಕ್ರಿಯಾಪದವನ್ನು ಮೊದಲು ಹುಡುಕುತ್ತದೆ, ನಾವು ಕೊನೆಗೆ ಹೇಳುತ್ತೇವೆ. ಪೆಟ್ಟಿಗೆ, ಪೆಟ್ಟಿಗೆಯನ್ನು, ಪೆಟ್ಟಿಗೆಯೊಳಗೆ, ನಮ್ಮ ಕಡೆಯವರ ಪೆಟ್ಟಿಗಿ, ಇಷ್ಟನ್ನೂ ಒಂದೇ ವಸ್ತು ಅಂತ ಅದಕ್ಕೆ ಕಲಿಸಬೇಕು.

ಅದರ ಬದಲು Twine ಎಂಬ ಕಥೆ ಕಟ್ಟುವ ಸಲಕರಣೆ ತೆಗೆದುಕೊಳ್ಳಿ. ಓದುಗ ಟೈಪ್ ಮಾಡುವುದಿಲ್ಲ, ಆಯ್ಕೆ ಒತ್ತುತ್ತಾನೆ. ಪಠ್ಯದ ನಡುವೆ ಹೀಗೆ ಬರೆದರೆ ಕೊಂಡಿ ತಾನೇ ಆಗುತ್ತದೆ:

```
[[ಹಿತ್ತಲಿಗೆ ಹೋಗು->ಹಿತ್ತಲು]]
```

ಬಾಣದ ಎಡಕ್ಕೆ ಓದುಗನಿಗೆ ಕಾಣುವ ಮಾತು, ಬಲಕ್ಕೆ ಮುಂದಿನ ಪುಟದ ಹೆಸರು. ಮುಗಿದ ಕಥೆ ಒಂದೇ ಎಚ್‌ಟಿಎಂಎಲ್ ಫೈಲಾಗಿ ಹೊರಬರುತ್ತದೆ. ಬರೆಯುವುದು ಕಂಪ್ಯೂಟರಿನಲ್ಲಿ ಇರಲಿ, ಸಣ್ಣ ಪರದೆಯಲ್ಲಿ ಪುಟಗಳ ಜಾಲ ಕಾಣುವುದಿಲ್ಲ. ಹಂಚುವ ಮುಂಚೆ ಮನೆಯಲ್ಲಿರುವ ಅತಿ ಹಳೆಯ ಫೋನಿನ ಬ್ರೌಸರಿನಲ್ಲಿ ತೆರೆದು ನೋಡಿ. ಒತ್ತಕ್ಷರ ಪಕ್ಕಕ್ಕೆ ಜಾರಿದೆಯಾ, ಕೊಂಡಿಗಳು ಬೆರಳಿಗೆ ಸಿಗುವಷ್ಟು ದೂರ ಇವೆಯಾ, ಎರಡನ್ನೂ ನೋಡಿ.

ವಿಜಯಪುರದಿಂದ ಗದಗಿಗೆ ರೈಲಿನಲ್ಲಿ ಹೋಗುವಾಗ ನೆಟ್‌ವರ್ಕ್ ಇರಲ್ಲ. ಆಡಬಹುದಾ?

ಫೈಲು ಫೋನಿನಲ್ಲಿದ್ದರೆ ನೆಟ್ ಬೇಕಾಗಿಲ್ಲ. ಹೊರಡುವ ಹಿಂದಿನ ರಾತ್ರಿ ಮನೆಯಲ್ಲೇ ಒಮ್ಮೆ ತೆರೆದು, `save` ಆಗುತ್ತದಾ ಅಂತ ನೋಡಿಕೊಳ್ಳಿ.

ಮಗನ ಇಂಗ್ಲಿಷ್ ಸುಧಾರಿಸುತ್ತದಾ?

`take lantern` ಅನ್ನೋದು ಬರುತ್ತದೆ. ಪರೀಕ್ಷೆಗೆ ಪಾಠ ಓದಿಸಿ.

ಇದರಲ್ಲೇ ಚಿತ್ರ ಇರುವ ಆವೃತ್ತಿ ಇದೆಯಾ?

ಅದಕ್ಕೆ ಬೇರೆ ಅಂಕಣದವರನ್ನು ಕೇಳಿ.