ಎರಡು ಕರಡು, ಒಂದು ಸುತ್ತೋಲೆ

ಪ್ರಶ್ನೆ: ಒಂದೇ ಸುತ್ತೋಲೆಯನ್ನು ಇಬ್ಬರು ಸಹೋದ್ಯೋಗಿಗಳು ಬೇರೆ ಬೇರೆಯಾಗಿ ತಿದ್ದಿದ್ದಾರೆ. ಹೇಗೆ ಒಂದುಗೂಡಿಸಲಿ, ಯಾರ ವಾಕ್ಯ ಉಳಿಸಲಿ?

ಉತ್ತರ: ವರ್ಡ್‌ನಲ್ಲಿ Review > Compare > Combine ಆರಿಸಿ ಎರಡೂ ಕಡತಗಳನ್ನು ಕೊಡಿ. ಯಾರು ಏನು ತಿದ್ದಿದರು ಎಂಬುದು ಮೂರನೆಯ ಕಡತದಲ್ಲಿ ಕಾಣುತ್ತದೆ. ಯಂತ್ರದ ಕೆಲಸ ಅಲ್ಲಿಗೆ ಮುಗಿಯಿತು.

ಮಡಿಕೇರಿಯ ನಮ್ಮ ಕಚೇರಿಯಲ್ಲಿ ಬೆಳೆಗಾರರಿಗೆ ಕಾಫಿ ಒಣಗಿಸುವ ಸೂಚನೆ ಸಿದ್ಧವಾಗುತ್ತಿತ್ತು. ಒಂದು ಕರಡಿನಲ್ಲಿ ‘ಕಾಫಿಯ ತೇವಾಂಶ ಶೇ 10ಕ್ಕೆ ಇಳಿಯಲಿ’ ಎಂದಿತ್ತು, ಇನ್ನೊಂದರಲ್ಲಿ ‘ಶೇ 11’. ಹಿರಿಯರದ್ದನ್ನು ಉಳಿಸೋಣ ಎಂದು ಹೊರಟಿದ್ದೆ. ಕೇಳಿ ನೋಡಿದರೆ ಒಬ್ಬರ ಮನಸ್ಸಿನಲ್ಲಿದ್ದದ್ದು ಹಣ್ಣಿನ ಸಿಪ್ಪೆ ಸುಲಿದು ಒಣಗಿಸುವ ಪಾರ್ಚ್‌ಮೆಂಟ್, ಇನ್ನೊಬ್ಬರದ್ದು ಹಣ್ಣನ್ನು ಇಡಿಯಾಗಿ ಒಣಗಿಸುವ ರೋಬಸ್ಟಾ ಚೆರ್ರಿ. ಎರಡೂ ಸರಿ! ತಪ್ಪಿದ್ದದ್ದು ‘ಕಾಫಿ’ ಎಂಬ ಪದದಲ್ಲಿ. ಹಾಗಾಗಿ ಅಂಕಿ ಜಗಳವಾಡಿದರೆ ಮೊದಲು ಅದರ ಹಿಂದಿನ ನಾಮಪದವನ್ನು ವಿಚಾರಿಸಿ.

ಒಂದೇ ವಿಷಯಕ್ಕೆ ಎರಡು ವಾಕ್ಯಗಳಿದ್ದರೆ, ಓದುಗ ಅಂಗಳದಲ್ಲಿ ನಿಂತು ಪರೀಕ್ಷಿಸಬಹುದಾದದ್ದನ್ನು ಉಳಿಸುತ್ತೇನೆ. ‘ಚೆನ್ನಾಗಿ ಒಣಗಿಸಿ’ ಹೋಯಿತು. ‘ಹಿಡಿ ಚೆರ್ರಿ ಅಲುಗಾಡಿಸಿದಾಗ ಗಲಗಲ ಸದ್ದು ಬರಲಿ’ ಉಳಿಯಿತು. ತೇವಾಂಶ ಮಾಪಕ ಇರುವವರಿಗೆ ಅಂಕಿಯೂ ಪಕ್ಕದಲ್ಲೇ ಇದೆ.

ಒಬ್ಬರ ಅರ್ಧ ವಾಕ್ಯಕ್ಕೆ ಇನ್ನೊಬ್ಬರ ಅರ್ಧವನ್ನು ಹೊಲಿಯಬೇಡಿ. ಮೊದಲರ್ಧ ‘ನೀವು ಒಣಗಿಸಿ’ ಎಂದರೆ ಉಳಿದರ್ಧ ‘ಒಣಗಿಸತಕ್ಕದ್ದು’ ಎನ್ನುತ್ತದೆ. ಬಿಟ್ಟ ವಾಕ್ಯಗಳನ್ನು ಕಾರಣದೊಂದಿಗೆ ಟಿಪ್ಪಣಿಯಲ್ಲಿಟ್ಟು, ಅಂತಿಮ ಪ್ರತಿಯನ್ನು ಇಬ್ಬರಿಗೂ ಒಟ್ಟಿಗೇ ಕಳುಹಿಸಿ.